ನಗದು ತಾಳೆಯಾಗಿತ್ತು, ಆದರೂ ಲೆಕ್ಕ ತಪ್ಪಿತ್ತು: ವೋಚರಿನ 1, 7, 0, 6

ಮಂಡ್ಯದ ಬೆಲ್ಲದ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ನಾನು, ಕೈಬರಹದ ವೋಚರುಗಳಲ್ಲಿ ಎರಡು ಅಂಕಿಗಳನ್ನು ತಪ್ಪಾಗಿ ಓದಿ, ಟ್ರ್ಯಾಕ್ಟರ್ ಚಾಲಕರೊಬ್ಬರ ಬಾಡಿಗೆಯಲ್ಲಿ 600 ರೂಪಾಯಿ ಕಡಿಮೆ ಕೊಟ್ಟೆ. ಅಂದು ಸಂಜೆ ನಗದು ಪುಸ್ತಕವೂ ಪೆಟ್ಟಿಗೆಯ ಹಣವೂ ಒಂದು ರೂಪಾಯಿ ಆಚೀಚೆಯಾಗದೆ ತಾಳೆಯಾಗಿದ್ದವು. ಎಚ್ಚರ ತಪ್ಪಿದ್ದೂ ಅದರಿಂದಲೇ.

ಚಾಲಕರಿಗೆ ಮುಂಗಡವಾಗಿ ಕೊಟ್ಟದ್ದು 2,150. ವೋಚರು ಬರೆದವರು ಒಂದರ ತಲೆಗೆ ಉದ್ದನೆಯ ಗೆರೆ ಎಳೆಯುವವರಾದ್ದರಿಂದ ನಾನು ಅದನ್ನು 2,750 ಎಂದು ಬರೆದುಕೊಂಡೆ. ಅದೇ ದಿನ ಹಮಾಲಿ ಮೇಸ್ತ್ರಿಗೆ ಸಂದ 3,640 ರೂಪಾಯಿಯ ಕಾರ್ಬನ್ ಪ್ರತಿಯಲ್ಲಿ ಆರರ ಮೇಲಿನ ಬಾಲ ಮೂಡಿರಲಿಲ್ಲ. ಅದು ನನಗೆ 3,040 ಆಗಿ ಕಂಡಿತು. ಒಂದು ಕಡೆ 600 ಹೆಚ್ಚು, ಇನ್ನೊಂದು ಕಡೆ 600 ಕಡಿಮೆ. ಎರಡೂ ಸೇರಿದರೆ ಮೊತ್ತ ಹೇಗೆ ಬರೆದರೂ 5,790. ತಿಂಗಳ ಕೊನೆಯಲ್ಲಿ ಬಾಕಿ ತೀರಿಸುವಾಗ ಚಾಲಕರು, "ಸ್ವಾಮಿ, ನಾನು ಅಷ್ಟು ಮುಂಗಡ ತಕ್ಕೊಂಡೇ ಇಲ್ಲ" ಎಂದು ಹಟ ಹಿಡಿದಾಗ, ನಾನು ಮೊದಲು ಅವರನ್ನೇ ಅನುಮಾನಿಸಿದೆನೆಂಬುದನ್ನು ಮುಚ್ಚಿಡುವುದಿಲ್ಲ.

1ಕ್ಕೂ 7ಕ್ಕೂ ಇರುವ ಅಂತರ 6, 0ಗೂ 6ಕ್ಕೂ ಇರುವ ಅಂತರವೂ 6. ಆದ್ದರಿಂದ ಲೆಕ್ಕದಲ್ಲಿ 6, 60, 600 ಅಥವಾ 6,000ದ ವ್ಯತ್ಯಾಸ ಬಂದರೆ, ಕೂಡಿಸುವುದನ್ನು ಮತ್ತೆ ಮತ್ತೆ ಮಾಡುವ ಬದಲು, ಆ ಸ್ಥಾನದಲ್ಲಿ ಈ ನಾಲ್ಕು ಅಂಕಿಗಳಿರುವ ವೋಚರುಗಳನ್ನು ಮೊದಲು ತೆಗೆದು ನೋಡಬೇಕು. ಅಕ್ಕಪಕ್ಕದ ಅಂಕಿಗಳು ಅದಲುಬದಲಾದಾಗ ಬರುವ ವ್ಯತ್ಯಾಸ 9ರಿಂದ ಭಾಗವಾಗುತ್ತದೆ, ಇದು ಭಾಗವಾಗುವುದಿಲ್ಲ. ಆದರೆ ನನ್ನ ಪ್ರಕರಣದಂತೆ ಎರಡು ತಪ್ಪುಗಳು ಒಂದನ್ನೊಂದು ನುಂಗಿಬಿಟ್ಟರೆ ವ್ಯತ್ಯಾಸವೇ ಕಾಣದು, ಈ ಉಪಾಯವೂ ಕೆಲಸಕ್ಕೆ ಬಾರದು.

ಅಲ್ಲಿ ನೆರವಿಗೆ ಬರುವುದು ದರ. ಹಮಾಲಿ ವೋಚರಿನ ಮೇಲೆಯೇ 260 ಮೂಟೆ, ಮೂಟೆಗೆ 14 ರೂಪಾಯಿ ಎಂದಿತ್ತು; ಗುಣಿಸಿದ್ದರೆ 3,640 ಬರುತ್ತಿತ್ತು, ಮತ್ತು 3,040ನ್ನು 14ರಿಂದ ಭಾಗಿಸಿದರೆ ಮೂಟೆಯ ಲೆಕ್ಕ ಪೂರ್ಣ ಸಂಖ್ಯೆಗೆ ಬರುವುದೇ ಇಲ್ಲ. ಮುಂಗಡಕ್ಕಾದರೋ ದರವಿಲ್ಲ. ಅಲ್ಲಿ ಮೊತ್ತವನ್ನು ಅಕ್ಷರಗಳಲ್ಲಿ ಬರೆಯುವುದೊಂದೇ ಆಧಾರ, ಮತ್ತು ನಮ್ಮ ವೋಚರಿನಲ್ಲಿ ಆ ಸಾಲು ಖಾಲಿಯಿತ್ತು. ಅಕ್ಷರದಲ್ಲಿ "ನೂರ ಐವತ್ತು" ಎಂದಿದ್ದುದನ್ನು "ಏಳುನೂರ ಐವತ್ತು" ಎಂದು ಓದುವುದು ಕಷ್ಟ.

ಈಗ ನಾನು ಅಕ್ಷರದ ಸಾಲು ತುಂಬದ ವೋಚರಿಗೆ ಹಣ ಎಣಿಸುವುದಿಲ್ಲ. ಸಂಜೆ ಮೊತ್ತವನ್ನಷ್ಟೇ ಹೋಲಿಸದೆ, ಮೂಲ ವೋಚರನ್ನು ಇನ್ನೊಬ್ಬರು ಗಟ್ಟಿಯಾಗಿ ಓದುತ್ತಾರೆ, ನಾನು ಪುಸ್ತಕದಲ್ಲಿ ಗುರುತು ಹಾಕುತ್ತೇನೆ. ನಾನು ಬರೆದದ್ದನ್ನು ನಾನೇ ಓದಿದರೆ ಮತ್ತೆ ಅದೇ ಏಳು ಕಾಣುತ್ತದೆ. ತಿದ್ದಬೇಕಾದಾಗ ಅಂಕಿಯ ಮೇಲೆಯೇ ತೀಡದೆ, ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಹಾಕುತ್ತೇವೆ.

ಚಾಲಕರಿಗೆ 600 ರೂಪಾಯಿ ಅಂದೇ ಕೊಟ್ಟೆವು. ತಿಂಗಳ ಲೆಕ್ಕದಲ್ಲಿ ಅಷ್ಟೇ ಹಣ ಹೆಚ್ಚಾಗಿ ಪಡೆದಿದ್ದ ಮೇಸ್ತ್ರಿಯವರು ಅದನ್ನು ಆಗಲೇ ತಮ್ಮ ಆಳುಗಳಿಗೆ ಹಂಚಿಬಿಟ್ಟಿದ್ದರಿಂದ, ಅದು ಪೂರ್ತಿ ವಸೂಲಾಗಲು ನಾಲ್ಕು ವಾರ ಹಿಡಿಯಿತು.