ಅಪರೂಪಕ್ಕೆ ಬರುವ ಎದೆಬಡಿತ: ಹೋಲ್ಟರ್ ಮತ್ತು ಇವೆಂಟ್ ರೆಕಾರ್ಡರ್, ಎರಡನ್ನೂ ಕಟ್ಟಿಕೊಂಡು ನೋಡಿದ ಮೇಲೆ

ನನ್ನ ಎದೆಬಡಿತದ ತೊಂದರೆ ಸುಮಾರು ಮೂರು ವಾರಕ್ಕೊಮ್ಮೆ ಬರುತ್ತಿತ್ತು. ಬಂದರೆ ಹತ್ತು ನಿಮಿಷ, ಕೆಲವೊಮ್ಮೆ ಅದಕ್ಕಿಂತ ಕೊಂಚ ಹೆಚ್ಚು. ಇದ್ದಕ್ಕಿದ್ದಂತೆ ಶುರುವಾಗಿ, ಕುತ್ತಿಗೆಯಲ್ಲೂ ಮಿಡಿದು, ಅಷ್ಟೇ ಥಟ್ಟನೆ ನಿಂತುಬಿಡುತ್ತಿತ್ತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಶಾಂತವಾಗಿ, ಇಸಿಜಿ ಸರಿಯಾಗಿಯೇ ಬರುತ್ತಿತ್ತು. ಇಂಥ ತೊಂದರೆಗೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವುದು ಹೋಲ್ಟರ್. ನನಗೂ ಅದನ್ನೇ ಬರೆದರು. ಆಮೇಲೆ ಇವೆಂಟ್ ರೆಕಾರ್ಡರ್ ಕೂಡ ಆಯಿತು. ಎರಡೂ ಇಸಿಜಿಯನ್ನೇ ದಾಖಲಿಸುತ್ತವೆ. ಆದರೆ ಒಂದೊಂದು ಉತ್ತರಿಸುವ ಪ್ರಶ್ನೆ ಬೇರೆ ಬೇರೆ.

ಹೋಲ್ಟರ್ ಎಂದರೆ ಸೊಂಟಕ್ಕೋ ಕೊರಳಿಗೋ ನೇತುಹಾಕಿಕೊಳ್ಳುವ ಒಂದು ಸಣ್ಣ ಪೆಟ್ಟಿಗೆ, ಎದೆಗೆ ಅಂಟಿಸಿದ ಎಲೆಕ್ಟ್ರೋಡ್‌ಗಳು, ನಡುವೆ ತಂತಿಗಳು. ಸಾಮಾನ್ಯವಾಗಿ 24 ಅಥವಾ 48 ಗಂಟೆ ಅದು ಒಂದು ಬಡಿತವನ್ನೂ ಬಿಡದೆ ದಾಖಲಿಸುತ್ತದೆ. ಒಂದು ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ. ಅಷ್ಟು ಹೊತ್ತು ಸ್ನಾನ ಇಲ್ಲ. ಜೊತೆಗೆ ಒಂದು ಹಾಳೆ ಕೊಡುತ್ತಾರೆ: ಯಾವ ಹೊತ್ತಿಗೆ ಏನು ಮಾಡಿದಿರಿ, ಏನನ್ನಿಸಿತು ಎಂದು ಬರೆಯಬೇಕು. ನನ್ನ ಹಾಳೆಯಲ್ಲಿ ಊಟ, ನಿದ್ದೆ, ಮೆಟ್ಟಿಲು ಹತ್ತಿದ್ದು ಬಿಟ್ಟರೆ ಬೇರೇನೂ ಇರಲಿಲ್ಲ, ಏಕೆಂದರೆ ಆ ದಿನ ಎದೆ ಹೊಡೆದುಕೊಳ್ಳಲೇ ಇಲ್ಲ.

ವರದಿ ಮಾತ್ರ ದಪ್ಪವಾಗಿತ್ತು. ಅತಿ ಕಡಿಮೆ ವೇಗ ನಸುಕಿನ ನಿದ್ದೆಯಲ್ಲಿ, ಅತಿ ಹೆಚ್ಚು ಮೆಟ್ಟಿಲು ಹತ್ತುವಾಗ, ನಡುನಡುವೆ ಕೆಲವು ಬಿಡಿ ಎಕ್ಟೋಪಿಕ್ ಬಡಿತಗಳು, ಅಂದರೆ ತಮ್ಮ ಸರದಿಗೆ ಮೊದಲೇ ಬಂದವು. ಅವು ನನ್ನ ಅರಿವಿಗೇ ಬಂದಿರಲಿಲ್ಲ. ಆರೋಗ್ಯವಂತರಲ್ಲೂ ಇಂಥವು ಒಂದಷ್ಟು ಇರುತ್ತವೆ. ಇಲ್ಲಿಯೇ ಎಚ್ಚರ ಬೇಕು. ‘ವರದಿ ಸರಿಯಾಗಿದೆ’ ಎಂದರೆ ‘ಹೃದಯದ ಲಯ ಸರಿಯಾಗಿದೆ’ ಎಂದಲ್ಲ, ‘ಆ ಒಂದು ದಿನ ಸರಿಯಾಗಿತ್ತು’ ಎಂದಷ್ಟೇ. ಆ ಬಿಡಿ ಬಡಿತಗಳನ್ನೇ ಕಾಯಿಲೆ ಎಂದುಕೊಂಡು ಮಾತ್ರೆ ನುಂಗಲು ಹೊರಡುವುದೂ ತಪ್ಪು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ತೊಂದರೆ ಸರಾಸರಿ 21 ದಿನಕ್ಕೊಮ್ಮೆ, ಯಾವ ದಿನ ಬೇಕಾದರೂ ಬರಬಹುದು ಎಂದಿಟ್ಟುಕೊಳ್ಳಿ. 24 ಗಂಟೆಯ ಹೋಲ್ಟರ್‌ಗೆ ಅದು ಸಿಕ್ಕಿಬೀಳುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. 48 ಗಂಟೆಗೆ ಏರಿಸಿದರೆ ಒಂಬತ್ತು. ಎರಡು ವಾರಕ್ಕೆ ಐವತ್ತರ ಹತ್ತಿರ, 30 ದಿನಕ್ಕೆ ಎಪ್ಪತ್ತೈದರ ಆಸುಪಾಸು. 24 ಗಂಟೆಯ ಹೋಲ್ಟರ್ ಅನ್ನು ಮತ್ತೊಮ್ಮೆ ಕಟ್ಟಿಸಿಕೊಂಡರೂ ನಮ್ಮ ಅದೃಷ್ಟ ಒಂಬತ್ತರ ಆಚೆ ಹೋಗುವುದಿಲ್ಲ. ಕಾಯುವ ಕಾಲ ಹಿಗ್ಗಬೇಕು, ಅಷ್ಟೇ. 1996ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನ ಎದೆಬಡಿತದ ದೂರಿದ್ದ 43 ಜನರಿಗೆ 48 ಗಂಟೆಯ ಹೋಲ್ಟರ್ ಮತ್ತು ಇವೆಂಟ್ ರೆಕಾರ್ಡರ್ ಎರಡನ್ನೂ ಕೊಟ್ಟು ನೋಡಿತ್ತು. ತೊಂದರೆಯ ಹೊತ್ತಿನ ಇಸಿಜಿ ಹೋಲ್ಟರ್‌ನಲ್ಲಿ ಸಿಕ್ಕಿದ್ದು 15 ಜನರಿಗೆ, ರೆಕಾರ್ಡರ್‌ನಲ್ಲಿ 29 ಜನರಿಗೆ.

ಇವೆಂಟ್ ರೆಕಾರ್ಡರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಸಾಧನಗಳಿವೆ. ಆಸ್ಪತ್ರೆಯಲ್ಲಿ ಕೇಳುವಾಗ ಯಾವುದು ಎಂದು ಬಿಡಿಸಿ ಕೇಳಬೇಕು. ಮೊದಲನೆಯದು ಲೂಪ್ ರೆಕಾರ್ಡರ್. ಎಲೆಕ್ಟ್ರೋಡ್ ಸದಾ ಎದೆಯ ಮೇಲಿರುತ್ತದೆ, ಯಂತ್ರ ಸದಾ ಕೇಳಿಸಿಕೊಳ್ಳುತ್ತಿರುತ್ತದೆ, ಆದರೆ ಹಳೆಯದನ್ನು ಅಳಿಸುತ್ತಲೇ ಇರುತ್ತದೆ. ನಾವು ಗುಂಡಿ ಒತ್ತಿದಾಗ ಒತ್ತುವ ಮುಂಚಿನ ಸ್ವಲ್ಪ ಹೊತ್ತು ಮತ್ತು ನಂತರದ ಸ್ವಲ್ಪ ಹೊತ್ತು ಉಳಿದುಕೊಳ್ಳುತ್ತದೆ. ಎಷ್ಟು ಹೊತ್ತು ಎಂಬುದನ್ನು ತಂತ್ರಜ್ಞರು ಮೊದಲೇ ಹೊಂದಿಸಿರುತ್ತಾರೆ. ಬಹಳಷ್ಟು ಯಂತ್ರಗಳು ಬಡಿತ ತೀರಾ ಏರಿದರೆ ಅಥವಾ ಇಳಿದರೆ ತಾವಾಗಿಯೇ ಉಳಿಸಿಕೊಳ್ಳುತ್ತವೆ. ಎರಡನೆಯದು ಕೈಯಲ್ಲಿ ಹಿಡಿಯುವ ಪುಟ್ಟ ಸಾಧನ. ತೊಂದರೆ ಶುರುವಾದ ಮೇಲೆ ತೆಗೆದು, ಎರಡೂ ಕೈಯ ಬೆರಳುಗಳನ್ನಿಟ್ಟು, ಅರ್ಧ ನಿಮಿಷ ಅಲ್ಲಾಡದೆ ಕುಳಿತರೆ ಒಂದು ಲೀಡ್‌ನ, ಅಂದರೆ ಹೃದಯವನ್ನು ಒಂದೇ ದಿಕ್ಕಿನಿಂದ ನೋಡುವ ಇಸಿಜಿ ಮೊಬೈಲಿಗೆ ಬರುತ್ತದೆ.

ನನಗೆ ಸಿಕ್ಕಿದ್ದು ಲೂಪ್ ರೆಕಾರ್ಡರ್. ಇದರ ಜೊತೆಗಿನ ಬದುಕು ಹೋಲ್ಟರ್‌ಗಿಂತ ಹೆಚ್ಚು ಕಿರಿಕಿರಿಯದು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹೋಲ್ಟರ್‌ನ ತುರಿಕೆ ಮರುದಿನಕ್ಕೆ ಮುಗಿಯುತ್ತದೆ, ಇದರದು ವಾರಗಟ್ಟಲೆ. ಸ್ನಾನಕ್ಕೆ ಮುಂಚೆ ಕಳಚಿ, ಚರ್ಮವನ್ನು ಚೆನ್ನಾಗಿ ಒರೆಸಿ, ಹೊಸ ಎಲೆಕ್ಟ್ರೋಡ್ ಅನ್ನು ಹಳೆಯ ಜಾಗದಿಂದ ಒಂದೆರಡು ಬೆರಳು ಸರಿಸಿ ಅಂಟಿಸುವುದನ್ನು ರೂಢಿಸಿಕೊಂಡ ಮೇಲೆ ಕೆಂಪು ಕಲೆಗಳು ಕಡಿಮೆಯಾದವು. ಎಣ್ಣೆ, ಕ್ರೀಮ್ ಹಚ್ಚಿದ ಚರ್ಮಕ್ಕೆ ಅದು ಅಂಟುವುದಿಲ್ಲ. ಬೆವರಿನಿಂದ ಸಡಿಲವಾದರೆ ಗೆರೆ ಕುಣಿಯುತ್ತದೆ. ಹಲ್ಲುಜ್ಜುವಾಗಿನ ಕೈಯ ಅಲುಗಾಟವೂ ಕಾಗದದ ಮೇಲೆ ಅಪಾಯಕಾರಿ ಲಯದಂತೆ ಕಾಣಬಹುದು. ಆದ್ದರಿಂದ ಯಂತ್ರ ತಾನಾಗಿ ಹಿಡಿದದ್ದನ್ನು ನೋಡಿ ಗಾಬರಿಯಾಗುವ ಮೊದಲು ಆ ಹೊತ್ತಿನಲ್ಲಿ ನಾವೇನು ಮಾಡುತ್ತಿದ್ದೆವು ಎಂದು ವೈದ್ಯರಿಗೆ ಹೇಳಬೇಕು.

ಕೊನೆಗೊಂದು ಸಂಜೆ, ಬಗ್ಗಿ ಏನನ್ನೋ ಎತ್ತಿಕೊಳ್ಳುವಾಗ ಶುರುವಾಯಿತು. ಗುಂಡಿ ಒತ್ತಿದೆ. ವೈದ್ಯೆ ಅದರ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿ, ‘ಇಲ್ಲಿ ನೋಡಿ’ ಎಂದು ಪೆನ್ನು ಇಟ್ಟ ಜಾಗದಲ್ಲಿ ನಿಮಿಷಕ್ಕೆ ಎಂಬತ್ತರಂತೆ ಹೋಗುತ್ತಿದ್ದ ಬಡಿತ ಒಂದು ಅಕಾಲಿಕ ಬಡಿತದ ಬೆನ್ನಿಗೇ ನೂರ ಎಂಬತ್ತಕ್ಕೆ ಹಾರಿತ್ತು. ಅಗಲ ಕಡಿಮೆಯ, ಒಂದೇ ಸಮನಾದ ಅಲೆಗಳು. ಆತಂಕದಿಂದ ಏರುವ ಬಡಿತ ಹಾಗೆ ಹಾರುವುದಿಲ್ಲ, ಹಂತಹಂತವಾಗಿ ಏರಿ ಹಾಗೆಯೇ ಇಳಿಯುತ್ತದೆ. ಹೀಗಾಗಿ ಎಸ್‌ವಿಟಿ, ಅಂದರೆ ಹೃದಯದ ಮೇಲ್ಭಾಗಕ್ಕೆ ಸಂಬಂಧಿಸಿದ ವೇಗದ ಲಯ ಎಂಬಲ್ಲಿಗೆ ಚರ್ಚೆ ನಿಂತಿತು. ಈ ಆರಂಭದ ಕ್ಷಣ ಲೂಪ್ ಇದ್ದುದರಿಂದಲೇ ಸಿಕ್ಕಿತು. ಕೈಯಲ್ಲಿ ಹಿಡಿಯುವ ಸಾಧನ ಅದನ್ನು ಕೊಡುವುದಿಲ್ಲ, ಏಕೆಂದರೆ ಅದನ್ನು ತೆಗೆಯುವ ಹೊತ್ತಿಗೆ ಆರಂಭ ದಾಟಿಹೋಗಿರುತ್ತದೆ. ಎಸ್‌ವಿಟಿಯಲ್ಲೇ ಯಾವ ಬಗೆ ಎಂಬುದನ್ನು ಮಾತ್ರ ಈ ಪಟ್ಟಿಯೂ ಹೇಳಲಿಲ್ಲ. ಅದಕ್ಕೆ ತೊಡೆಯ ರಕ್ತನಾಳದ ಮೂಲಕ ತಂತಿ ಕಳಿಸಿ ಮಾಡುವ ಇಪಿ ಪರೀಕ್ಷೆ ಬೇಕು.

ಹಾಗೆಂದು ಹೋಲ್ಟರ್ ಅನ್ನು ತಳ್ಳಿಹಾಕುವಂತಿಲ್ಲ. ಪ್ರತಿದಿನ ಅಥವಾ ದಿನ ಬಿಟ್ಟು ದಿನ ತೊಂದರೆ ಬರುವವರಿಗೆ ಅದೇ ಮೇಲು, ಒಂದೆರಡು ದಿನದಲ್ಲಿ ಕೆಲಸ ಮುಗಿಯುತ್ತದೆ. ಅಕಾಲಿಕ ಬಡಿತಗಳು ಒಟ್ಟು ಬಡಿತದಲ್ಲಿ ಶೇಕಡಾ ಎಷ್ಟು, ರಾತ್ರಿ ನಿದ್ದೆಯಲ್ಲಿ ಬಡಿತ ನಡುವೆ ನಿಂತು ಮುಂದುವರಿಯುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಎಲ್ಲ ಬಡಿತಗಳ ಲೆಕ್ಕ ಬೇಕು. ಗುಂಡಿ ಒತ್ತಿದಾಗಿನ ಚೂರುಗಳಿಂದ ಅದು ಸಿಗುವುದಿಲ್ಲ. ಜೊತೆಗೆ ಹೋಲ್ಟರ್ ಸಣ್ಣ ಊರುಗಳಲ್ಲೂ ಸಿಗುತ್ತದೆ, ಲೂಪ್ ರೆಕಾರ್ಡರ್‌ಗೆ ದೊಡ್ಡ ಹೃದ್ರೋಗ ಕೇಂದ್ರವನ್ನು ವಿಚಾರಿಸಬೇಕಾಗಬಹುದು.

ನನ್ನಂತೆ ವಾರಗಳ ಅಂತರದಲ್ಲಿ ಬರುವವರಿಗೆ ನನ್ನ ಮತ ಇವೆಂಟ್ ರೆಕಾರ್ಡರ್‌ಗೆ. ತೊಂದರೆ ಐದು ಹತ್ತು ನಿಮಿಷ ಇರುವುದಾದರೆ ಕೈಯಲ್ಲಿ ಹಿಡಿಯುವುದೂ ಸಾಕು. ತುರಿಕೆಯೂ ಇಲ್ಲ, ತಿಂಗಳುಗಟ್ಟಲೆ ಚೀಲದಲ್ಲಿರಬಹುದು. ಕೆಲವೇ ಸೆಕೆಂಡು ಇದ್ದು ಮಾಯವಾಗುವುದಾದರೆ ಲೂಪ್ ಬೇಕು. ಗುಂಡಿ ಒತ್ತಿದ ಹೊತ್ತಿನ ಇಸಿಜಿ ಸಹಜವಾಗಿ ಬಂದರೂ ಅದು ವ್ಯರ್ಥವಲ್ಲ, ಆ ಹೊತ್ತಿನ ಡವಡವಕ್ಕೆ ಲಯದ ದೋಷ ಕಾರಣವಲ್ಲ ಎಂಬುದಕ್ಕೆ ಅದೇ ಪುರಾವೆ.

ಈ ಆಯ್ಕೆಯೆಲ್ಲ ಎದೆಬಡಿತ ಮಾತ್ರ ಇರುವವರಿಗೆ. ಅದರೊಡನೆ ಪ್ರಜ್ಞೆ ತಪ್ಪಿದರೆ, ಎದೆನೋವು ಅಥವಾ ಉಸಿರುಗಟ್ಟುವಿಕೆ ಇದ್ದರೆ ಯಂತ್ರಕ್ಕಾಗಿ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ವ್ಯಾಯಾಮದ ನಡುವೆ ಶುರುವಾಗುವುದಾದರೆ, ಮನೆಯಲ್ಲಿ ಚಿಕ್ಕ ವಯಸ್ಸಿನವರ ಹಠಾತ್ ಸಾವು ಸಂಭವಿಸಿದ್ದರೆ ತಡಮಾಡದೆ ಹೃದ್ರೋಗ ತಜ್ಞರಿಗೆ ತಿಳಿಸಬೇಕು. ವರ್ಷಕ್ಕೆ ಒಂದೆರಡು ಸಲ ಮಾತ್ರ ಪ್ರಜ್ಞೆ ತಪ್ಪುವವರಿಗೆ, ಮೊದಲ ತಪಾಸಣೆಗಳಲ್ಲಿ ಕಾರಣ ಸಿಗದಿದ್ದರೆ, ಎದೆಯ ಚರ್ಮದಡಿ ಇಟ್ಟು ವರ್ಷಗಳ ಕಾಲ ಬಿಡುವ ಲೂಪ್ ರೆಕಾರ್ಡರ್ ಇದೆ.