‘ಎಕ್ಸಾಂ ಮುಗಿಯೋ ತನಕ’ ಅಂತ ಹೇಳಿ ಪ್ಲಾನ್ ಮಾರ್ತಾರೆ, ನಂಬಬೇಡಿ

ಹಾಸನದ ಲೈಬ್ರರಿಗಳಲ್ಲಿ ಕೂತು ಕೆಎಎಸ್‌ಗೆ ಓದ್ತಿರೋರು, ಸಕಲೇಶಪುರ, ಆಲೂರು ಕಡೆ ಮನೇಲೇ ಆ್ಯಪ್ ನಂಬಿಕೊಂಡು ಓದ್ತಿರೋರು ದಯವಿಟ್ಟು ದುಡ್ಡು ಕಟ್ಟೋ ಮೊದಲು ಇದನ್ನ ಓದಿ.

2024ರ ಕೆಎಎಸ್ ಪ್ರಿಲಿಮ್ಸ್‌ಗೆ ಅಂತ ಮಾರ್ಚ್‌ನಲ್ಲಿ ತಂಗಿಗೆ ಒಂದು ಕೋಚಿಂಗ್ ಆ್ಯಪ್‌ನ ಆರು ತಿಂಗಳ ಪ್ಲಾನ್ ಕೊಡಿಸಿದ್ವಿ. ಆ್ಯಪ್ ಕಡೆಯಿಂದ ಫೋನ್ ಮಾಡಿದ ಹುಡುಗ "ಎಕ್ಸಾಂ ಮುಗಿಯೋ ತನಕ ನಿಮ್ದೇ ಸರ್" ಅಂದಿದ್ದ. ಪರೀಕ್ಷೆ ಮುಂದಕ್ಕೆ ಹೋಗ್ತಾ ಹೋಗ್ತಾ ಆಗಸ್ಟ್ 27ಕ್ಕೆ ನಡೀತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದ ಎಡವಟ್ಟಿಗೆ ಮತ್ತೆ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯ್ತು. ಪ್ಲಾನ್ ಮಾತ್ರ ಸೆಪ್ಟೆಂಬರ್‌ನಲ್ಲೇ ಲಾಕ್!

ಚಾಟ್‌ನಲ್ಲಿ ಕೇಳಿದ್ರೆ ಬಂದ ಉತ್ತರ: "ವ್ಯಾಲಿಡಿಟಿ ಖರೀದಿ ದಿನಾಂಕದಿಂದ ಲೆಕ್ಕ, ಟರ್ಮ್ಸ್‌ನಲ್ಲಿದೆ." ಮತ್ತೆ ಕೇಳಿದ್ರೂ ಅದೇ ಸಾಲು. ಆಮೇಲೆ ಮೂರು ತಿಂಗಳ ಎಕ್ಸ್‌ಟೆನ್ಷನ್‌ಗೆ ದುಡ್ಡು ಕಟ್ಟೋ ಲಿಂಕ್ ಕಳಿಸಿದ್ರು.

ಹೊಟ್ಟೆ ಉರಿಯೋದು ಇಲ್ಲಿ. ಪ್ಲಾನ್‌ನಲ್ಲಿ 100 ಮಾಕ್ ಟೆಸ್ಟ್ ಇದೆ ಅಂತ ಹೇಳಿ ಮಾರಿದ್ರು, ಅದರಲ್ಲಿ 80 ಬರೀ 20 ಪ್ರಶ್ನೆಯ ಟಾಪಿಕ್ ಟೆಸ್ಟ್. 8 ಹಳೇ ಪ್ರಶ್ನೆಪತ್ರಿಕೆ, ಅವು ಬಿಟ್ಟಿಯಾಗಿಯೇ ಸಿಗ್ತವೆ. ನಿಜವಾದ ಪರೀಕ್ಷೆ ಥರ 100 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಕಾಲು ಭಾಗ ಅಂಕ ಕಡಿತ ಅಂತ ಇದ್ದಿದ್ದು 12 ಮಾತ್ರ. ಪರೀಕ್ಷೆ ಮುಂದಕ್ಕೆ ಹೋದಾಗಲೆಲ್ಲ ಅವನ್ನ ಬಿಡೋ ದಿನಾಂಕಾನೂ ಅವರು ಮುಂದಕ್ಕೆ ಹಾಕಿದ್ರು, ನಮ್ಮ ಕೊನೇ ದಿನಾಂಕ ಮಾತ್ರ ಅಲ್ಲಾಡಲಿಲ್ಲ. ಲಾಕ್ ಆದಾಗ 4 ಇನ್ನೂ ‘ಕಮಿಂಗ್ ಸೂನ್’ ಅಂತಾನೇ ತೋರಿಸ್ತಿದ್ವು. ದುಡ್ಡು ಮೊದಲೇ ತಗೊಂಡು, ಸಾಮಾನು ಅಂಗಡಿ ಮುಚ್ಚಿದ ಮೇಲೆ ಇಳಿಸಿದ ಹಾಗೆ.

ಡೌಟ್ಸ್ ತಿಂಗಳಿಗೆ 10. ಉಳಿದಿದ್ದು ಮುಂದಿನ ತಿಂಗಳಿಗೆ ಸೇರಲ್ಲ. ಉತ್ತರ ಅರ್ಥ ಆಗಲಿಲ್ಲ ಅಂತ ಅದರ ಕೆಳಗೇ ಮತ್ತೆ ಕೇಳಿದ್ರೆ ಅದನ್ನೂ ಹೊಸ ಡೌಟ್ ಅಂತ ಎಣಿಸ್ತಾರೆ. ಪರೀಕ್ಷೆ ಹತ್ತಿರ ಬಂದಾಗಲೇ ಡೌಟ್ ಜಾಸ್ತಿ ಅಂತ ಅವರಿಗೆ ಗೊತ್ತಿಲ್ವಾ?

ಮಳೆಗಾಲದಲ್ಲಿ ನೆಟ್‌ವರ್ಕ್ ಇರಲ್ಲ ಅಂತ ವಿಡಿಯೋ ಎಲ್ಲಾ ಡೌನ್‌ಲೋಡ್ ಮಾಡಿಟ್ಟಿದ್ವಿ. ಫೈಲ್ ಫೋನ್‌ನಲ್ಲೇ ಇದೆ, ಜಾಗಾನೂ ತಿಂತಿದೆ, ತೆರೆಯಲ್ಲ. ಅವು ಆ್ಯಪ್ ಒಳಗೆ ಮಾತ್ರ ಓಡೋ ಥರ ಲಾಕ್ ಆಗಿರ್ತವೆ, ಅವಧಿ ಮುಗಿದ್ರೆ ಆ್ಯಪ್ ಬಿಡಲ್ಲ. ಬರೆದ ಟೆಸ್ಟ್‌ಗಳ ಅಂಕ, ತಪ್ಪಾದ ಪ್ರಶ್ನೆಗಳ ವಿವರಣೆ ಎಲ್ಲಾ ಹೋಯ್ತು. ಮರುಪರೀಕ್ಷೆಗೆ ಬೇಕಾಗಿದ್ದೇ ಅದು!

ಫೋನ್‌ನಲ್ಲಿ ಹೇಳಿದ್ದನ್ನ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ: ಕೊನೇ ದಿನಾಂಕ ಯಾವುದು, ಪೂರ್ಣ ಟೆಸ್ಟ್ ಎಷ್ಟು, ಪರೀಕ್ಷೆ ಮುಂದಕ್ಕೆ ಹೋದ್ರೆ ಅವಧೀನೂ ಮುಂದಕ್ಕೆ ಹೋಗುತ್ತಾ. ಬರೆದು ಕೊಡಲ್ಲ ಅಂದ್ರೆ ಬಿಟ್ಟುಬಿಡಿ. ಟೆಸ್ಟ್ ಬರೆದ ದಿನವೇ ತಪ್ಪುಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಈಗಾಗಲೇ ಸಿಕ್ಕಿಹಾಕಿಕೊಂಡಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ರಸೀದಿ ಮತ್ತು ಚಾಟ್ ಎರಡೂ ಕೈಯಲ್ಲಿರಲಿ.