ಫಿಸಿಕ್ಸ್ ಲೆಕ್ಕ: ಚಾಪ್ಟರ್ ಹಿಡ್ಕೊಂಡು ಮಾಡ್ಬೇಕಾ, ಕಲಸಿ ಮಾಡ್ಬೇಕಾ?

ಕೊಪ್ಪಳದಾಗ ರೂಮ್ ಮಾಡ್ಕೊಂಡು ಕೆಸಿಇಟಿಗೆ ಓದೋವಾಗ ಎರಡೂ ಮಾಡಿ ನೋಡೀನಿ. ಮೊದ್ಲು ಎಲ್ಲಾರ ಹಂಗ ವರ್ಕ್-ಎನರ್ಜಿ ಹಿಡಿದ್ರ ಅದರ ಲೆಕ್ಕ ಮುಗಿಯೋತನಕ ಅದೇ, ಆಮ್ಯಾಲೆ ಮೊಮೆಂಟಮ್. ಭಾರಿ ಖುಷಿ ಆಗ್ತೈತಿ, ಯಾಕಂದ್ರ ಮೂರ್ನಾಲ್ಕು ಲೆಕ್ಕ ಆದ್ಮೇಲೆ ಕೈ ತಾನೇ ಓಡ್ತೈತಿ, ಯಾವ ಫಾರ್ಮುಲಾ ಅಂತ ಯೋಚನೇನ ಮಾಡಬೇಕಾಗಿಲ್ಲ, ಚಾಪ್ಟರ್ ಹೆಸರೇ ಹೇಳಿಬಿಡ್ತೈತಿ.

ತೊಂದ್ರಿ ಇರೋದೂ ಅಲ್ಲೇ. ಕೆಸಿಇಟಿ ಪೇಪರ್‌ನಾಗ 60 ಪ್ರಶ್ನೆ, 80 ನಿಮಿಷ, ಯಾವುದು ಯಾವ ಚಾಪ್ಟರ್ ಅಂತ ಬರ್ದಿರಲ್ಲ.

ಈ ಲೆಕ್ಕ ನೋಡ್ರಿ. 10 ಗ್ರಾಂ ಬುಲೆಟ್ 400 m/s ಸ್ಪೀಡ್‌ನಾಗ ಬಂದು ದಾರಕ್ಕ ತೂಗುಬಿಟ್ಟ 990 ಗ್ರಾಂ ಕಟ್ಟಿಗಿಯೊಳಗ ಹೊಕ್ಕು ಕುಂತ್ತು, ಕಟ್ಟಿಗಿ ಎಷ್ಟು ಮ್ಯಾಲೆ ಹೋಗ್ತೈತಿ? ಎನರ್ಜಿ ಲೆಕ್ಕಾನ ಸಾಲಾಗಿ ಮಾಡಿ ಬಂದೋರ ಕೈ ಸೀದಾ ಎನರ್ಜಿಗೇ ಹೋಗ್ತೈತಿ: ಬುಲೆಟ್ ಎನರ್ಜಿ 800 ಜೌಲ್, ಅದನ್ನ mgh ಗೆ ಸಮ ಮಾಡಿದ್ರ (g 10 ಹಿಡೀರಿ) 80 ಮೀಟರ್! ಹಿಂಗ ಒಳಗ ಹೊಕ್ಕು ಕುಂದ್ರೋ ಡಿಕ್ಕಿಯಾಗ ಕೈನೆಟಿಕ್ ಎನರ್ಜಿ ಪೂರಾ ಉಳಿಯಂಗಿಲ್ಲ, ಮೊಮೆಂಟಮ್ ಉಳೀತೈತಿ. ಮೊದ್ಲು ಮೊಮೆಂಟಮ್‌ನಿಂದ ಒಟ್ಟು 1 ಕೆಜಿಯ ಸ್ಪೀಡ್ 4 m/s ತಗೊಂಡು, ಆಮ್ಯಾಲಷ್ಟೇ ಎನರ್ಜಿ ಹಾಕಿದ್ರ 0.8 ಮೀಟರ್. ಎರಡೂ ಫಾರ್ಮುಲಾ ಎಲ್ಲಾರಿಗೂ ಬರ್ತಾವ, ಎಲ್ಲಿ ಯಾವುದು ಅನ್ನೋದನ್ನ ಮಾತ್ರ ಪ್ರಾಕ್ಟೀಸ್ ಮಾಡಿರಂಗಿಲ್ಲ.

ಕಲಸಿ ಮಾಡೋವಾಗ ನಾನು ನ್ಯೂಟನ್ ಲಾಸ್, ಎನರ್ಜಿ, ಮೊಮೆಂಟಮ್ ಮೂರರ ಲೆಕ್ಕಾನೂ ಚೀಟಿಗೆ ಬರ್ಕೊಂಡು, ಚಾಪ್ಟರ್ ಹೆಸರು ಹಾಕದಂಗ, ಇಸ್ಪೀಟ್ ಎಲೆ ಹಂಗ ಕಲಸಿ ಒಂದೊಂದೇ ಎತ್ತಿದೆ. ಲೆಕ್ಕ ಹಚ್ಚೋಕಿಂತ ಮುಂಚೆ ಯಾವ ದಾರಿ, ಯಾಕ ಅಂತ ಒಂದು ಸಾಲು ಬರೀಬೇಕು. 'ಟೈಮ್ ಕೇಳ್ಯಾನ, ಫೋರ್ಸ್ ಹಿಡಿ', 'ಡಿಕ್ಕಿ ಐತಿ, ಮೊದ್ಲು ಮೊಮೆಂಟಮ್', ಇಷ್ಟಾದ್ರ ಸಾಕು. ನನ್ನ ಕೇಳಿದ್ರ ಲೆಕ್ಕಕ್ಕಿಂತ ಈ ಸಾಲೇ ಮುಖ್ಯ.

ಆದ್ರ ಶುರುವಿನಾಗ ಬೇಜಾರಾಗ್ತೈತಿ, ಸ್ಲೋ ಆಗ್ತೈತಿ, ತಪ್ಪು ಜಾಸ್ತಿ, ಏನೂ ಕಲೀಲಿಲ್ಲ ಅನಿಸ್ತೈತಿ. ಅದನ್ನ ನಂಬಬ್ಯಾಡ್ರಿ. 2007ರಾಗ ರೋರರ್, ಟೇಲರ್ ಅನ್ನೋರು ಘನಾಕೃತಿಗಳ ವಾಲ್ಯೂಮ್ ಲೆಕ್ಕದ ಮ್ಯಾಲೆ ಇದನ್ನ ಟೆಸ್ಟ್ ಮಾಡಿದ್ರು: ಪ್ರಾಕ್ಟೀಸ್‌ನಾಗ ಸಾಲಾಗಿ ಮಾಡಿದೋರದು 89% ಸರಿ, ಕಲಸಿದೋರದು 60%, ಒಂದು ವಾರ ಬಿಟ್ಟು ಪರೀಕ್ಷೆ ಇಟ್ಟಾಗ ಸಾಲಿನೋರು 20ಕ್ಕ ಇಳಿದ್ರು, ಕಲಸಿದೋರು 63ರಾಗ ನಿಂತ್ರು. 2021ರಾಗ ಕಾಲೇಜಿನ ಫಿಸಿಕ್ಸ್ ಹೋಮ್‌ವರ್ಕ್ ಮ್ಯಾಲೂ ಕಲಸೋದೇ ಗೆದ್ದೈತಿ, ಆದ್ರೂ ಆ ಹುಡುಗ್ರಿಗೆ ಕಮ್ಮಿ ಕಲಿತ್ವಿ ಅಂತನ ಅನಿಸಿತ್ತು.

ಹಂಗಂತ ಎಲ್ಲಾದಕ್ಕೂ ಅಲ್ಲ. ರೊಟೇಶನ್ ಹೊಸದಾಗಿ ಶುರು ಮಾಡಿದಾಗ ಟಾರ್ಕ್ ಅಂದ್ರೇನೇ ಗೊತ್ತಿರಲ್ಲ, ಆವಾಗ ಅದರದೇ ನಾಲ್ಕೈದು ಲೆಕ್ಕ ಸಾಲಾಗಿ ಮಾಡೋದೇ ಬೆಸ್ಟ್, ಕೈ ಕುಂತ ಮ್ಯಾಲೆ ಚೀಟಿಗೆ ಸೇರಿಸ್ರಿ. ಇನ್ನ ಲೆನ್ಸ್ ಲೆಕ್ಕದ ಜೊತಿ ಪುಲ್ಲಿ ಲೆಕ್ಕ ಕಲಸಿದ್ರ ಅಷ್ಟೇನೂ ಸಿಗಂಗಿಲ್ಲ, ಅವೆರಡನ್ನ ಯಾರೂ ಅದಲು ಬದಲು ಮಾಡಂಗಿಲ್ಲ.